ಹಕ್ಕು–ಕರ್ತವ್ಯ, ಅಧಿಕಾರ–ಬಾಧ್ಯತೆ: ತೊಗರಿ ವ್ಯಾಪಾರದ ಉದಾಹರಣೆ

ಅಮೆರಿಕದ ಕಾನೂನು ಚಿಂತಕ ಹೊಹ್‌ಫೆಲ್ಡ್ ಹೇಳುವ ಹಕ್ಕು–ಕರ್ತವ್ಯದ ಜೋಡಿಗೂ ಅಧಿಕಾರ–ಬಾಧ್ಯತೆಯ ಜೋಡಿಗೂ ಏನು ವ್ಯತ್ಯಾಸ?

ಕಲಬುರಗಿಯ ರೈತರೊಬ್ಬರು ದಾಲ್ ಮಿಲ್ ಮಾಲೀಕರಿಗೆ ಹೇಳುತ್ತಾರೆ: “ಸಾವ್ಕಾರ್ರ, ಹತ್ತು ಕ್ವಿಂಟಲ್ ತೊಗರಿ ಅದ. ಎಂಟು ಸಾವಿರದಂಗ ಕೊಡ್ತೀನಿ, ನಾಳಿ ಸಂಜೀತನಕ ಹೇಳ್ರಿ.”

ಈಗ ಸಾವ್ಕಾರರಿಗೆ ತೊಗರಿಯ ಮೇಲೆ ಹಕ್ಕು ಬಂತಾ? ಇಲ್ಲ. ಬಂದಿರುವುದು ಅಧಿಕಾರ ಮಾತ್ರ. ಅಂದರೆ “ಆಯ್ತು” ಎಂಬ ಒಂದೇ ಮಾತಿನಿಂದ ಇಬ್ಬರ ಕಾನೂನು ಸ್ಥಿತಿಯನ್ನೂ ಬದಲಿಸುವ ಶಕ್ತಿ. ರೈತರ ಕಡೆ ಇರುವುದು ಬಾಧ್ಯತೆ. ಇದನ್ನು ಸಾಲದ ಹೊಣೆ ಅಂದುಕೊಳ್ಳುವವರೇ ಜಾಸ್ತಿ. ಆದರೆ ಇಲ್ಲಿ ರೈತರು ಇನ್ನೂ ಏನನ್ನೂ ಕೊಡಬೇಕಾಗಿಲ್ಲ. ಸಾವ್ಕಾರರ ಮಾತಿಗೆ ತಮ್ಮ ಸ್ಥಿತಿ ಬದಲಾಗಬಹುದು, ಅಷ್ಟೇ.

ಸಾವ್ಕಾರರು ಫೋನ್ ಮಾಡಿ ಒಪ್ಪಿದರು ಅನ್ನಿ. ಆ ಅಧಿಕಾರ ಅಲ್ಲಿಗೆ ಮುಗಿಯಿತು. ಈಗ ತೊಗರಿ ಪಡೆಯುವ ಹಕ್ಕು ಅವರದು, ಕೊಡುವ ಕರ್ತವ್ಯ ರೈತರದು. ದುಡ್ಡಿನ ವಿಷಯದಲ್ಲಿ ಇದೇ ಜೋಡಿ ತಿರುಗುಮುರುಗು.

ಗುರುತಿಸುವುದು ಸುಲಭ: ಮುರಿದರೆ ದಾವೆ ಹೂಡಬಹುದಾ ಅಂತ ಕೇಳಿ. ಕರ್ತವ್ಯವನ್ನು ಮುರಿಯಬಹುದು, ಬಾಧ್ಯತೆಯಲ್ಲಿ ಮುರಿಯಲು ಏನೂ ಇಲ್ಲ.

ಅಂದಹಾಗೆ, ಒಪ್ಪಿಗೆ ಬರುವ ಮುಂಚೆ ರೈತರು ಮಾತು ಹಿಂದೆಗೆದುಕೊಳ್ಳಬಹುದು (1872ರ ಕರಾರು ಕಾಯ್ದೆ, ಕಲಂ 5). ಗಡುವು ಕೊಟ್ಟಿದ್ದಕ್ಕೆ ಪ್ರತಿಯಾಗಿ ಏನೂ ಪಡೆದಿಲ್ಲ ಅಲ್ವಾ, ಹಾಗಾಗಿ ಆ ಗಡುವು ಅವರನ್ನು ಕಟ್ಟಿಹಾಕುವುದಿಲ್ಲ. ಹೀಗೆ ಹಿಂದೆಗೆದುಕೊಳ್ಳುವುದೂ ಒಂದು ಅಧಿಕಾರವೇ, ಆದರೆ ರೈತರದು.