‘ಕಮ್ಮಿ ಮಾಡ್ಬೇಕು’ ಅಂದವ್ರು ‘ಮಾಡ್ತೆ’ ಅಂದದ್ದು

ಕಾರವಾರದಲ್ಲಿ ಕೂತು ಆಪ್ತಸಲಹೆ ಮಾಡೋರಿಗೆ ಈ ಕೇಸು ಹೊಸದಲ್ಲ, ತಿಂಗಳಿಗೊಂದಾದ್ರೂ ಬರ್ತದೆ. ಬೆಳಿಗ್ಗೆ ಗೋವಾಕ್ಕೆ ಕೆಲಸಕ್ಕೆ ಹೋಗಿ ಸಂಜೆ ರೈಲಿಗೆ ವಾಪಸ್ ಬರೋ ಗಂಡಸು, ಅಲ್ಲಿ ಎಣ್ಣೆ ಇಲ್ಲಿಗಿಂತ ಅಗ್ಗ, ಮನೆ ಮುಟ್ಟೋ ಹೊತ್ತಿಗೆ ಒಂದು ಕ್ವಾರ್ಟರ್ ಒಳಗೆ. ಹೆಂಡ್ತಿ ಕರ್ಕೊಂಡು ಬಂದಿರ್ತಾರೆ, ಇವರು ಮೂಲೆ ಕುರ್ಚಿಲಿ ಫೋನ್ ತಿರುಗಿಸ್ತಾ ಕೂತಿರ್ತಾರೆ. ಇವರನ್ನ ಮಂಜಣ್ಣ ಅಂತ ಇಟ್ಕೊಳ್ಳಿ, ನಲವತ್ತು ದಾಟಿದವರು, ಅಂಕೋಲೆ ಕಡೆಯವರು, ಒಂದು ಫ್ಯಾಕ್ಟರಿಲಿ ಫಿಟ್ಟರ್. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೇನೆ, ಬರೀಲಿಕ್ಕೆ ಅವರ ಒಪ್ಪಿಗೆಯೂ ಇದೆ.

ಮೊದಲನೇ ಸೆಷನ್ ನಾನೇ ಹಾಳು ಮಾಡಿದೆ. ಅವತ್ತು ಬೆಳಿಗ್ಗೆಯಿಂದ ಮೂರು ಕೇಸು ನೋಡಿ ಸುಸ್ತಾಗಿತ್ತು, ಹಂಗಾಗಿ ಸೀದಾ ಲಿವರ್, ದುಡ್ಡು, ಮಗಳ ಓದು ಅಂತ ಶುರು ಮಾಡಿಬಿಟ್ಟೆ. ನಾನು ಹೇಳಿದ ಪ್ರತಿ ಮಾತಿಗೂ ಅವರದ್ದು ಒಂದೇ ಉತ್ತರ, "ಹೌದು ಅಕ್ಕೋರೆ, ಆದ್ರೆ...". ಆದ್ರೆ ನಾ ಕೆಲಸಕ್ಕೆ ಒಂದಿನ ತಪ್ಪಿಸ್ಲಿಲ್ಲ, ಆದ್ರೆ ನಾ ಗಲಾಟೆ ಮಾಡೂದಿಲ್ಲ, ಆದ್ರೆ ನನ್ನ ಜೊತೆಯವ್ರು ಹಾಫ್ ಕುಡೀತ್ರು. ಕಮ್ಮಿ ಮಾಡ್ಬೇಕು ಅನ್ನೋದು ಅವರ ಮನಸ್ಸಲ್ಲೂ ಅರ್ಧ ಇತ್ತು, ಇಲ್ದಿದ್ರೆ ಹೆಂಡ್ತಿ ಕರೆದ್ರೂ ಬರ್ತಿರ್ಲಿಲ್ಲ. ಆ ಅರ್ಧವನ್ನ ನಾನು ವಕೀಲರ ಹಾಗೆ ವಾದ ಮಾಡಿದ್ದಕ್ಕೆ ಉಳಿದ ಅರ್ಧ ಅವರ ಪಾಲಿಗೆ ಬಂತು. ನಲವತ್ತು ನಿಮಿಷ ಕುಡಿತದ ಪರವಾಗಿ ತಾವೇ ಮಾತಾಡಿ, ಅದನ್ನ ತಮ್ಮ ಕಿವಿಲೇ ಕೇಳ್ಕೊಂಡು ಎದ್ದು ಹೋದ್ರು.

ಇದಕ್ಕೆ ಉಲ್ಟಾ ಹೋಗೋ ಪದ್ಧತಿನೇ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ವಿಲಿಯಂ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡಿತದ ಸಮಸ್ಯೆ ಇರೋರಿಗಾಗೇ ಇದನ್ನ ಮೊದಲು ಬರೆದದ್ದು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ್ರು. ಬದಲಾಗಬೇಕು ಅನ್ನೋ ಮಾತು ಸಲಹೆಗಾರರ ಬಾಯಿಂದ ಬರಬಾರದು, ಬಂದವರ ಬಾಯಿಂದಲೇ ಬರಬೇಕು, ನಮ್ಮ ಕೆಲಸ ಅದು ಬಂದಾಗ ಗುರುತು ಹಿಡಿದು ಅದನ್ನೇ ಬೆಳೆಸೋದು. ಟ್ರೇನಿಂಗಲ್ಲಿ ಕಲ್ತದ್ದೇ, ಆದ್ರೂ ಸುಸ್ತಾದ ದಿನ ಬಾಯಿಗೆ ಮೊದಲು ಬರೋದು ಉಪದೇಶ.

ಎರಡನೇ ಸೆಷನ್ನಿಗೆ ಅವರು ಒಬ್ಬರೇ ಬಂದ್ರು, ಅದೇ ನನಗೆ ಆಶ್ಚರ್ಯ. ಮೊದಲು ಕ್ಷಮೆ ಕೇಳಿದೆ, ಹೋದ ಸಲ ಪೂರ್ತಿ ನಾನೇ ಮಾತಾಡಿದೆ ಅಂತ. ಆಮೇಲೆ ಆಡಿಟ್ ಅನ್ನೋ ಹತ್ತು ಪ್ರಶ್ನೆಯ ಫಾರ್ಮ್ ತೆಗೆದೆ, ವಿಶ್ವ ಆರೋಗ್ಯ ಸಂಸ್ಥೆಯದ್ದು. ಇದನ್ನ ಅವರು ಹೋದ ಸಲವೇ ತುಂಬಿದ್ರು, 11 ಅಂಕ ಬಂದಿತ್ತು. ನನಗೆ ಅನುಮಾನ ಇದ್ದದ್ದು ಎರಡು ಮತ್ತು ಮೂರನೇ ಪ್ರಶ್ನೆ ಮೇಲೆ. ಕುಡಿಯೋ ದಿನ ಎಷ್ಟು ಡ್ರಿಂಕ್ ಅಂದಿದ್ದಕ್ಕೆ "ಒಂದು" ಅಂತಲೂ, ಒಂದೇ ಸಲಕ್ಕೆ ಆರು ಅಥವಾ ಜಾಸ್ತಿ ಕುಡಿಯೋದು ಎಷ್ಟು ಸಲ ಅಂದಿದ್ದಕ್ಕೆ "ಯಾವಾಗ್ಲಾದ್ರೂ ಹಬ್ಬಕ್ಕೆ" ಅಂತಲೂ ಬರೆದಿದ್ರು. ಸುಳ್ಳು ಅಲ್ಲ, ಅವರ ಲೆಕ್ಕದಲ್ಲಿ ಕ್ವಾರ್ಟರ್ ಅಂದ್ರೆ ಒಂದು.

ಇಲ್ಲಿ ಮಾಹಿತಿ ಕೊಡ್ಲೇಬೇಕು, ಆದ್ರೆ ಕೊಡೋದಕ್ಕೂ ಒಂದು ಕ್ರಮ ಇದೆ: ಮೊದಲು ಅವರಿಗೆ ಗೊತ್ತಿರೋದು ಕೇಳೋದು, ಅನುಮತಿ ತಗೊಂಡು ಹೇಳೋದು, ಹೇಳಿ ಅವರಿಗೆ ಏನನ್ನಿಸ್ತು ಅಂತ ಮತ್ತೆ ಕೇಳೋದು.

"ಡಾಕ್ಟ್ರು ಒಂದು ಡ್ರಿಂಕ್ ಅಂದ್ರೆ ಎಷ್ಟು ಅಂತ ಲೆಕ್ಕ ಹಿಡೀತಾರೆ, ಕೇಳಿದ್ದೀರಾ?"
"ಒಂದು ಪೆಗ್ಗಾ?"
"ಹತ್ರ ಹತ್ರ. ನಾ ಒಂದು ಲೆಕ್ಕ ತೋರಿಸ್ಲಾ? ಬೇಡ ಅಂದ್ರೂ ಅಡ್ಡಿಲ್ಲ."
"ತೋರ್ಸಿ."
"30 ಎಂಎಲ್ ವಿಸ್ಕಿ ಒಂದು ಡ್ರಿಂಕ್. ಅದ್ರಲ್ಲಿ ಹತ್ತು ಗ್ರಾಂ ಆಲ್ಕೋಹಾಲ್. ಕ್ವಾರ್ಟರ್ ಅಂದ್ರೆ 180 ಎಂಎಲ್."
ಅವರು ಬೆರಳಲ್ಲಿ ಲೆಕ್ಕ ಹಾಕಿದ್ರು. "ಆರಾಯ್ತು."
"ಎಂತ ಅನ್ನಿಸ್ತದೆ?"
"ಹಂಗಾದ್ರೆ ನಂದು ದಿನಾ ಹಬ್ಬವೇ ಆಯ್ತಲ್ಲ."

ಇದು ನನ್ನ ಬಾಯಿಂದ ಬಂದಿದ್ರೆ ಕುಹಕ ಆಗ್ತಿತ್ತು. ಫಾರ್ಮನ್ನ ಅವರೇ ತಿದ್ದಿದ್ರು, ಎರಡನೇ ಪ್ರಶ್ನೆಗೆ 2 ಜಾಸ್ತಿ, ಮೂರನೇದಕ್ಕೆ 3 ಜಾಸ್ತಿ, ಒಟ್ಟು 16. ಐದೇ ಅಂಕದ ವ್ಯತ್ಯಾಸ, ಆದ್ರೆ 15ರ ತನಕ ಸರಳ ಸಲಹೆ ಸಾಕು ಅನ್ನೋ ಗುಂಪು, 16ರಿಂದ 19ರದ್ದು ಸಲಹೆ ಮಾಡಿ ಬಿಡದೆ ಗಮನಿಸಬೇಕಾದ ಗುಂಪು. ನಮ್ಮಲ್ಲಿ ಈ ಫಾರ್ಮ್ ತುಂಬಿಸೋರು ಕ್ವಾರ್ಟರ್, ಹಾಫ್ ಅಂತ ಕೇಳಿ ತಾವೇ ಡ್ರಿಂಕಿಗೆ ಬದಲಾಯಿಸಿಕೊಳ್ಳದಿದ್ರೆ ಅರ್ಧ ಕೇಸು ಹಿಂಗೇ ತಪ್ತದೆ.

ಇನ್ನೊಂದು ವಿಷಯ ಮೊದಲೇ ಖಚಿತ ಮಾಡ್ಕೊಂಡಿದ್ದೆ. ಬೆಳಿಗ್ಗೆ ಎದ್ರೆ ಕೈ ನಡುಗ್ತದಾ, ಬೆವರ್ತದಾ, ಕುಡೀದ ದಿನ ನಿದ್ದೆ ಪೂರ್ತಿ ಹೋಗ್ತದಾ, ಫಿಟ್ಸ್ ಬಂದದ್ದಿದ್ಯಾ ಅಂತ. ಭಾನುವಾರ ಅವರು ಕುಡಿಯೋದಿಲ್ಲ, ಯಾವ ತೊಂದರೆಯೂ ಆಗೋದಿಲ್ಲ. ಹೌದು ಅಂದಿದ್ರೆ ನಾನು ಈ ಮಾತುಕತೆಗೇ ಇಳೀತಿರ್ಲಿಲ್ಲ, ಮೊದಲು ಮನೋವೈದ್ಯರ ಹತ್ರ ಕಳಿಸ್ತಿದ್ದೆ, ಯಾಕಂದ್ರೆ ದೇಹ ಎಣ್ಣೆಗೆ ಒಗ್ಗಿದವರು ಹಠ ಮಾಡಿ ಒಂದೇ ದಿನ ನಿಲ್ಲಿಸಿದ್ರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಜೀವಕ್ಕೇ ಅಪಾಯ. "ಇವತ್ತಿಂದ ಮುಟ್ಟೂದಿಲ್ಲ ಅಂತ ದೇವಸ್ಥಾನದಲ್ಲಿ ಆಣೆ ಮಾಡಿಸಿ" ಅನ್ನೋ ಮನೆಯವರಿಗೆ ನಾನು ಬೇಡ ಅನ್ನೋದು ಇದೇ ಕಾರಣಕ್ಕೆ.

ಆಮೇಲೆ ಸ್ಕೇಲ್ ಪ್ರಶ್ನೆ. "ಕಮ್ಮಿ ಮಾಡೋದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ?" ಅಂದೆ, "ಐದು" ಅಂದ್ರು. ಹೊಸಬರು ಇಲ್ಲಿ ತಪ್ಪು ಮಾಡ್ತಾರೆ, ಯಾಕೆ ಐದೇ, ಎಂಟು ಯಾಕಲ್ಲ ಅಂತ ಕೇಳ್ತಾರೆ. ಹಂಗೆ ಕೇಳಿದ್ರೆ ಅವರು ಮೂರು ಅಂಕ ಕಮ್ಮಿ ಇರೋದಕ್ಕೆ ಕಾರಣ ಹುಡುಕ್ತಾರೆ, ಅಂದ್ರೆ ಮತ್ತೆ ಎಣ್ಣೆ ಪರ ವಾದ. ಕೇಳಬೇಕಾದ್ದು ಕೆಳಗಿನ ಕಡೆಯಿಂದ.

"ಐದು ಅಂದ್ರಿ. ಎರಡು ಅನ್ನಬಹುದಿತ್ತು, ಅನ್ನಲಿಲ್ಲ. ಎಂತ ಇದೆ ಆ ಐದರಲ್ಲಿ?"

ಸುಮಾರು ಹೊತ್ತು ಸುಮ್ಮನಿದ್ರು. ನಾನೂ ಬಾಯಿ ಬಿಡ್ಲಿಲ್ಲ (ಇದು ನನಗೆ ಕಷ್ಟದ ಕೆಲಸ). ಆಮೇಲೆ ನಗ್ತಾ ಶುರು ಮಾಡಿದ್ರು.

"ಹೋದ ತಿಂಗಳು ಒಂದಿನ ಬಂಗಡೆ ತಕಂಡು ಹೋದೆ ಅಕ್ಕೋರೆ. ಮನೇಲಿ ಚೀಲ ಬಿಚ್ಚಿದ್ರೆ ವಾಸನೆ. ಎಲ್ಲಾ ಹೊರಗೆ ಹಾಕಿದ್ರು. ತರುವಾಗ ನಾನು ಮೀನಿನ ಕಿವಿ ಎತ್ತಿ ನೋಡ್ಲೇ ಇಲ್ಲ. ಮರುದಿನ ಕೆಲಸಕ್ಕೆ ಹೊರಡುವಾಗ ಮಗಳು ಹೇಳ್ತು, ಅಪ್ಪ, ನೀನು ಮೀನು ತರೂದು ಬೇಡ, ಆಯಿನೇ ತರ್ತದೆ."

ನಗು ನಿಂತೋಯ್ತು. ಇದೇ ಜಾಗ. "ನೋಡಿ, ಮಗಳಿಗೂ ಬೇಜಾರಾಗಿದೆ, ಅವಳಿಗೋಸ್ಕರ ಆದ್ರೂ" ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಂದಿದ್ರೆ ಮತ್ತೆ "ಹೌದು, ಆದ್ರೆ" ಶುರುವಾಗ್ತಿತ್ತು. ನಾನು ಹೇಳಿದ್ದು ಇಷ್ಟೇ:

"ಮೀನು ಆರಿಸೋದು ಮನೇಲಿ ನಿಮ್ಮದೇ ಕೆಲಸ ಆಗಿತ್ತು."
"ಹೌದು. ಸಣ್ಣಿದ್ದಾಗಿಂದ. ನಾ ತಂದ ಮೀನಿಗೆ ನನ್ನ ಅಮ್ಮನೂ ಎದುರು ಮಾತಾಡ್ಲಿಲ್ಲ."
"ಈಗ ಆ ಕೆಲಸ ನಿಮ್ಮ ಕೈಯಿಂದ ಹೋಗ್ತಾ ಇದೆ."
"ಹೋಗ್ತಾ ಇಲ್ಲ, ಹೋಯ್ತು. ಅದು ನಂಗೆ ವಾಪಸ್ ಬೇಕು."

ಪ್ರಶ್ನೆ ಕೇಳದೆ, ಅವರು ಹೇಳಿದ್ದನ್ನೇ ಒಂದು ಹೆಜ್ಜೆ ಮುಂದೆ ತಗೊಂಡು ಹೋಗಿ ವಾಪಸ್ ಕೊಡೋದು ಇಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ. ಆಮೇಲೆ ಎರಡೂ ಕಡೆ ಸೇರಿಸಿ ಹೇಳಿದೆ: "ಶಿಫ್ಟ್ ಮುಗಿದ ಮೇಲೆ ಆ ಒಂದು ಕ್ವಾರ್ಟರಲ್ಲಿ ಮೈಕೈ ನೋವು ಇಳೀತದೆ, ಜೊತೆಯವ್ರು ಸಿಗ್ತಾರೆ. ಅದೇ ಹೊತ್ತಿಗೆ ಮೀನು ಮಾರ್ಕೆಟ್ಟು, ಮಗಳ ನಂಬಿಕೆ ಕೈತಪ್ತಾ ಇದೆ, ಅದು ನಿಮಗೆ ವಾಪಸ್ ಬೇಕು." ಎರಡರ ಮಧ್ಯ "ಆದ್ರೆ" ಹಾಕ್ಲಿಲ್ಲ, ಹಾಕಿದ್ರೆ ಮೊದಲಿನ ಮಾತು ಅಳಿಸಿ ಹೋಗ್ತದೆ, ಅವರಿಗೆ ನಾನು ಬೈದಂಗೆ ಕೇಳಿಸ್ತದೆ. ಬದಲಾವಣೆ ಕಡೆಯದ್ದನ್ನ ಕೊನೆಗಿಟ್ಟೆ, ಯಾಕಂದ್ರೆ ಜನ ಕೊನೆ ಮಾತಿಂದಲೇ ಮುಂದೆ ಮಾತಾಡೋದು.

ನಮ್ಮ ಭಾಷೇಲಿ ಕಿವಿ ಕೊಡಬೇಕಾದ ಇನ್ನೊಂದು ಇದೆ. "ಕಮ್ಮಿ ಮಾಡ್ಬೇಕು" ಅಂತ ಎಲ್ರೂ ಅಂತಾರೆ, ಅದು ಹೆಂಡ್ತಿ ಮಾತನ್ನೇ ನಮಗೆ ವಾಪಸ್ ಒಪ್ಪಿಸೋದೂ ಆಗಿರಬಹುದು. "ನೋಡ್ವಾ" ಅಂದ್ರೆ ಬಾಗಿಲು ಸ್ವಲ್ಪ ತೆರೆದಿದೆ ಅಂತ. ನಾನು ಕಾಯೋದು "ಮಾಡ್ತೆ" ಅನ್ನೋದಕ್ಕೆ, ಅದೂ ದಿನ, ಜಾಗ, ಹೊತ್ತು ಸೇರಿ ಬಂದಾಗ. "ಬೇಕು" ಅಂದ ಕೂಡ್ಲೇ ಪ್ಲಾನ್ ಮಾಡೋಕೆ ಕೂತ್ರೆ ಅವರು ಹಿಂದೆ ಸರೀತಾರೆ.

ಹಂಗಾಗಿ ಎರಡನೇ ಸ್ಕೇಲ್ ಕೇಳಿದೆ, ಮಾಡಬಲ್ಲೆ ಅನ್ನೋ ಧೈರ್ಯ ಎಷ್ಟು ಅಂತ. "ಮೂರು." ಮುಖ್ಯ ಅನ್ನಿಸಿದೆ, ಧೈರ್ಯ ಇಲ್ಲ, ಅಂದ್ರೆ ಇನ್ನು ಕಾರಣ ಹೇಳಿ ಪ್ರಯೋಜನ ಇಲ್ಲ, ದಾರಿ ಹುಡುಕಬೇಕು.

"ಮೂರು ನಾಕೋ ಐದೋ ಆಗೋದು ಎಂತ ಆದ್ರೆ?"
"ಶಿಫ್ಟ್ ಬಿಟ್ಟ ಮೇಲೆ ರೈಲಿಗೆ ಮುಕ್ಕಾಲು ಗಂಟೆ ಕಾಯೂದು. ಆ ಮುಕ್ಕಾಲು ಗಂಟೆಯೇ ತೊಂದ್ರೆ. ಬಾರು ಎದುರಿಗೇ."
"ಆ ಮುಕ್ಕಾಲು ಗಂಟೆ ಇಲ್ದಿದ್ರೆ?"
"ಬಸ್ಸಿಗೆ ಬಂದ್ರೆ ಇಲ್ಲ. ದುಡ್ಡು ಜಾಸ್ತಿ. ಆದ್ರೆ ರೈಲಾದ್ರೆ ಶಿರವಾಡದಲ್ಲಿ ಇಳೀಬೇಕು, ಬಸ್ಸಾದ್ರೆ ಪೇಟೇಲೇ ಇಳೂದು, ಮೀನು ತಕಂಬುಲೂ ಆಗ್ತದೆ." ಸ್ವಲ್ಪ ತಡೆದು, "ಮಂಗಳವಾರ, ಗುರುವಾರ ಬಸ್ಸಿಗೆ ಬರ್ತೆ. ಶನಿವಾರವೂ ನೋಡ್ವಾ."

ಎರಡು "ಬರ್ತೆ", ಒಂದು "ನೋಡ್ವಾ". ನಾನು ಎರಡನ್ನ ಮಾತ್ರ ಬರ್ಕೊಂಡೆ, ಶನಿವಾರವನ್ನ ಒತ್ತಾಯ ಮಾಡ್ಲಿಲ್ಲ.

ಹೆಂಡ್ತಿಗೆ ಇದು ಸರಿ ಕಾಣ್ಲಿಲ್ಲ. "ಉಳಿದ ನಾಕು ದಿನ ಕುಡೂಕೆ ನೀವೇ ಪರ್ಮಿಶನ್ ಕೊಟ್ಟಂಗಾಯ್ತಲ್ಲ" ಅಂದ್ರು. ಅವರ ಸಿಟ್ಟು ನ್ಯಾಯವಾದದ್ದು. ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳ್ತದೆ, ಅದನ್ನ ಮಂಜಣ್ಣನಿಗೂ ಅನುಮತಿ ಕೇಳಿಯೇ ಹೇಳಿದ್ದೆ, ಲಿವರ್ ಟೆಸ್ಟ್ ಮಾಡಿಸಿ ಅಂತಲೂ ಹೇಳಿದ್ದೆ. ಆದ್ರೆ ಪೂರ್ತಿ ಬಿಡಿ ಅನ್ನೋ ಗುರಿ ನನ್ನದಾಗಿದ್ರೆ ಮೂರನೇ ಸೆಷನ್ನಿಗೆ ಅವರು ಬರ್ತಿರ್ಲಿಲ್ಲ, ಬಾರದವರ ಜೊತೆ ನಾನು ಏನೂ ಮಾಡ್ಲಿಕ್ಕಾಗೋದಿಲ್ಲ. ಆಡಿಟ್ 20 ಮುಟ್ಟಿದ್ರೆ, ಲಿವರ್ ಕೆಟ್ಟಿದ್ರೆ ನನ್ನ ಮಾತು ಬೇರೆ ಇರ್ತಿತ್ತು.

ಮೂರು ತಿಂಗಳಾಯ್ತು. ವಾರಕ್ಕೆ ಆರು ದಿನ ಇದ್ದದ್ದು ಮೂರಕ್ಕೆ ಬಂದಿದೆ, ಮಧ್ಯ ಚೌತಿ ವಾರ ಪೂರ್ತಿ ಕೈತಪ್ಪಿತ್ತು, ಅದನ್ನ ಅವರೇ ಬಂದು ಹೇಳಿದ್ರು. ಕುಡಿಯೋ ದಿನ ಈಗಲೂ ಕ್ವಾರ್ಟರೇ, ಅದು ಕಮ್ಮಿ ಆಗಿಲ್ಲ. ಹೆಂಡ್ತಿ ನನ್ನ ಹತ್ರ ಮಾತಾಡೋದು ಕಮ್ಮಿ. ಹೋದ ಗುರುವಾರ ಫೋನ್ ಮಾಡಿದ್ರು, ಮುಂದಿನ ಸೆಷನ್ ದಿನ ಬದಲಾಯಿಸಲಿಕ್ಕೆ. ಕೊನೆಗೆ, "ನಿನ್ನೆ ಶೆಟ್ಲಿ ಮೀನು ತಂದಿದ್ರು, ಚಲೋ ಇತ್ತು" ಅಂದು ಇಟ್ಟುಬಿಟ್ರು. ನಿನ್ನೆ ಅಂದ್ರೆ ಬುಧವಾರ, ಬಸ್ಸಿನ ದಿನ ಅಲ್ಲ.