ಆ 18 ಎಣಿಸಿ ಬರೆದದ್ದಾ?

*ಮೇಡಂ, ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡ್ ಸ್ಟಾಫ್ ನರ್ಸ್ ನಾನು, ನಾಲ್ಕು ವರ್ಷ ಆಯಿತು. ಹೋದ ವಾರ ನೈಟ್ ಡ್ಯೂಟಿಯಲ್ಲಿ ಹೊಟ್ಟೆ ಆಪರೇಷನ್ ಆಗಿದ್ದ ಪೇಶೆಂಟ್ ಒಬ್ಬರು ನಡುರಾತ್ರಿ ಸೀರಿಯಸ್ ಆಗಿ ಐಸಿಯುಗೆ ಹೋದರು. ಈಗ ಹುಷಾರಾಗಿದ್ದಾರೆ. ಆದರೆ ನನಗೆ ಅದೇ ಯೋಚನೆ. ಇನ್‌ಚಾರ್ಜ್ ಸಿಸ್ಟರ್ ಆರು ಪ್ರಶ್ನೆಗಳ ಒಂದು ಹಾಳೆ ಕೊಟ್ಟು ಬರೆದುಕೊಂಡು ಬಾ ಅಂದರು. ಏನು ಬರೆದರೂ ಕೊನೆಗೆ 'ಇನ್ನು ಮುಂದೆ ಜಾಗ್ರತೆಯಿಂದ ಇರಬೇಕು' ಅಂತಲೇ ಬರುತ್ತದೆ. ಇದರಿಂದ ಏನು ಉಪಯೋಗ? ಬರೆದ ಹಾಳೆಯನ್ನೂ ಇಟ್ಟಿದ್ದೇನೆ, ನೋಡಿ ಹೇಳಿ.*

ಹಾಳೆ ತಲುಪಿತು ತಂಗಿ. ಅದನ್ನು ನೋಡಿದ ತಕ್ಷಣ ಕಪ್ಪು ಪೆನ್ನು ತಗೊಂಡು ಪೇಶೆಂಟ್ ಹೆಸರು, ಬೆಡ್ ನಂಬರ್, ಐಪಿ ನಂಬರ್ ಮೂರನ್ನೂ ಹೊಡೆದು ಹಾಕಿದೆ. ಇದು ಕೇಸ್ ಶೀಟ್ ಅಲ್ಲ, ನಿಮ್ಮ ಸ್ವಂತ ಬರಹ. 'ಐವತ್ತು ದಾಟಿದ ಗಂಡಸು, ಆಪರೇಷನ್ ಆಗಿ ಎರಡನೇ ದಿನ' ಅಂದರೆ ಸಾಕು. ಇಲ್ಲಿ ಅಚ್ಚು ಹಾಕುವಾಗ ನಾನೂ ಗಂಟೆ, ಅಂಕಿ ಸ್ವಲ್ಪ ಬದಲಾಯಿಸಿದ್ದೇನೆ. ಇಂಥ ಹಾಳೆಯ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ.

ನಿಮ್ಮ ಇನ್‌ಚಾರ್ಜ್ ಕೊಟ್ಟದ್ದು ಗಿಬ್ಸ್ ಸೈಕಲ್, ಆಗಿಹೋದದ್ದನ್ನು ತಿರುಗಿ ನೋಡಿ ಕಲಿಯೋ ಒಂದು ಕ್ರಮ. ಗ್ರಹಾಂ ಗಿಬ್ಸ್ ಅನ್ನುವವರು 1988ರಲ್ಲಿ ಬರೆದದ್ದು. ಅವರು ನರ್ಸ್ ಅಲ್ಲ, ಡಾಕ್ಟರೂ ಅಲ್ಲ, ಪಾಠ ಹೇಳೋದು ಹೇಗೆ, ಕಲಿಯೋದು ಹೇಗೆ ಅಂತ ಕೆಲಸ ಮಾಡಿದವರು. ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ಒಂದೊಂದು ಪ್ರಶ್ನೆಗೆ ಒಂದೊಂದು ಮನೆ, ಇಷ್ಟೇ. ನೋಡೋಕೆ ಸುಲಭ, ಅದಕ್ಕೇ ಎಲ್ಲರೂ ಜಾರಿ ಬೀಳೋದು. ನೀವು ಜಾರಿದ್ದು ಮೊದಲನೇ ಮನೆಯಲ್ಲೇ.

ಅಲ್ಲಿ ನೀವು ಬರೆದದ್ದು ಹೀಗಿದೆ: 'ನಾನು ಸರಿಯಾಗಿ ಗಮನಿಸದೆ ಇದ್ದುದರಿಂದ ಪೇಶೆಂಟ್ ಕಂಡೀಶನ್ ಕೆಟ್ಟಿತು.' ಇದು 'ಏನಾಯಿತು' ಅಲ್ಲ, ಇದು ತೀರ್ಪು. ತೀರ್ಪು ಮೊದಲೇ ಬರೆದು ಆಯಿತು ಅಂದಮೇಲೆ ಉಳಿದ ಐದು ಮನೆಗಳಿಗೆ ಕೆಲಸವೇ ಇಲ್ಲ, ಅವೆಲ್ಲ ಸುಮ್ನೆ ಅದೇ ತೀರ್ಪನ್ನು ತಿರುಗಿ ತಿರುಗಿ ಹೇಳುತ್ತವೆ. ಮೊದಲನೇ ಮನೆಯಲ್ಲಿ ಗಂಟೆ, ಅಂಕಿ, ಯಾರು ಏನು ಅಂದರು, ಇವು ಮೂರು ಬಿಟ್ಟು ಇನ್ನೇನೂ ಇರಬಾರದು. ಅದಕ್ಕೇ ಭಾನುವಾರ ನಿಮಗೆ ಫೋನ್ ಮಾಡಿ ಅಷ್ಟು ಹೊತ್ತು ಕೇಳಿದ್ದು. ನೀವು ಹೇಳಿದ್ದನ್ನೇ ಬರೆದುಕೊಂಡಾಗ ಅದು ಹೀಗೆ ಬಂತು.

ರಾತ್ರಿ 10 ಗಂಟೆ: ಪಲ್ಸ್ 96, ಬಿಪಿ 118/76, ಉಸಿರು 18, ಸ್ಯಾಚುರೇಷನ್ 97. ವಾರ್ಡಿನಲ್ಲಿ 32 ಜನ, ನೀವಿಬ್ಬರು ಸಿಸ್ಟರ್. 1 ಗಂಟೆ: ಪಲ್ಸ್ 112, ಬಿಪಿ 108/70, ಉಸಿರು 18, ಸ್ಯಾಚುರೇಷನ್ 97. ಅವರ ಹೆಂಡತಿ 'ಯಾಕೋ ಮಾತು ಕಮ್ಮಿ ಆಗಿದೆ ಸಿಸ್ಟರ್' ಅಂದರು. ಅದೇ ಹೊತ್ತಿಗೆ ಬೇರೆ ಬೆಡ್ಡಿನಲ್ಲಿ ರಕ್ತ ಹಾಕೋದು ಶುರುವಾಯಿತು, ಮೊದಲ ಹದಿನೈದು ನಿಮಿಷ ನೀವು ಅಲ್ಲೇ ನಿಂತಿರಬೇಕಿತ್ತು, ನಿಂತಿದ್ದಿರಿ. 2.15: ಹೆಂಡತಿ ಮತ್ತೆ ಬಂದು 'ಏದುಸಿರು ಬಿಡ್ತಾವ್ರೆ' ಅಂದರು. ಹೋಗಿ ನೋಡಿದಿರಿ. ಪಲ್ಸ್ 124, ಬಿಪಿ 96/60, ಉಸಿರು 30. ತಲೆ ಕಡೆ ಎತ್ತರಿಸಿ ಆಕ್ಸಿಜನ್ ಹಾಕಿದಿರಿ. 2.20ಕ್ಕೆ ಡ್ಯೂಟಿ ಡಾಕ್ಟರಿಗೆ ಫೋನ್: 'ಸರ್, ಪೇಶೆಂಟ್ ಯಾಕೋ ಸರಿ ಇಲ್ಲ.' ಅವರು ಕ್ಯಾಶುವಾಲ್ಟಿಯಲ್ಲಿದ್ದರು, 'ನೋಡ್ತಿರಿ, ಬರ್ತೀನಿ' ಅಂದರು. ಬಂದದ್ದು 3.10ಕ್ಕೆ.

ಎಷ್ಟು ಬೇರೆ ಥರ ಕಾಣುತ್ತದೆ, ಅಲ್ವಾ? ಈಗ 10 ಗಂಟೆ ಮತ್ತು 1 ಗಂಟೆಯ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಪಲ್ಸ್ ಏರಿದೆ, ಬಿಪಿ ಇಳಿದಿದೆ, ಉಸಿರು ಮಾತ್ರ ಕದಲಿಲ್ಲ. ಫೋನಿನಲ್ಲಿ ನಾನು ಕೇಳಿದೆ, 'ಆ 18 ಎಣಿಸಿ ಬರೆದದ್ದಾ?' ನೀವು ಸ್ವಲ್ಪ ಹೊತ್ತು ಸುಮ್ಮನಿದ್ದಿರಿ. ಆಮೇಲೆ 'ಇಲ್ಲಕ್ಕ' ಅಂದಿರಿ. ಇಷ್ಟೇ ಸಾಕು, ಇಡೀ ಹಾಳೆಗೆ ಈಗ ಜೀವ ಬಂತು. ಎರಡನೇ ಮನೆಗೆ, ಅದೇ 'ಏನನ್ನಿಸಿತು' ಅನ್ನೋ ಕಡೆಗೆ, ಆ ಸುಮ್ಮನಿದ್ದ ಹೊತ್ತಿನಲ್ಲಿ ಏನು ಬಂತೋ ಅದನ್ನೇ ಬರೆಯಿರಿ. ನಾಚಿಕೆಯಾ, ಭಯವಾ, ಡಾಕ್ಟರ ಮೇಲೆ ಸಿಟ್ಟಾ. ಎರಡು ಸಾಲು ಸಾಕು. ಸಿಟ್ಟು ಇದ್ದರೆ ಇಲ್ಲೇ ಇಳಿಸಿ, ನಾಲ್ಕನೇ ಮನೆವರೆಗೂ ಹೊತ್ತುಕೊಂಡು ಹೋಗಬೇಡಿ.

ಮೂರನೇ ಮನೆಯಲ್ಲಿ 'ಸರಿಹೋದದ್ದು' ಅನ್ನೋ ಕಡೆ ನೀವು ಒಂದು ಗೆರೆ ಎಳೆದು ಬಿಟ್ಟಿದ್ದೀರಿ. ಅದು ವಿನಯ ಅಲ್ಲ, ತಪ್ಪು ಲೆಕ್ಕ. 2.15ಕ್ಕೆ ಹೆಂಡತಿ ಮಾತು ಕೇಳಿ ಕೂಡಲೇ ಹೋದಿರಿ, ಆಗ ಮಾತ್ರ ಪೂರ್ತಿ ನಿಮಿಷ ಎಣಿಸಿದಿರಿ, ಐದು ನಿಮಿಷದೊಳಗೆ ಫೋನ್ ಮಾಡಿದಿರಿ. ಇದನ್ನು ಬರೆಯದೇ ಹೋದರೆ ಮುಂದಿನ ಸಲ ಏನನ್ನು ಉಳಿಸಿಕೊಳ್ಳಬೇಕು ಅನ್ನೋದೇ ಗೊತ್ತಾಗೋದಿಲ್ಲ.

ನಾಲ್ಕನೇ ಮನೆ, ಯಾಕೆ ಹಾಗಾಯಿತು. ಇಲ್ಲಿ ನಿಧಾನವಾಗಿ ಕೂರಬೇಕು. ಯಾಕೆ 18 ಬರೆದಿರಿ? ಸೋಮಾರಿತನ ಅಂತ ನೀವಂದಿರಿ, ನಾನು ಒಪ್ಪೋದಿಲ್ಲ. ಪಲ್ಸ್, ಸ್ಯಾಚುರೇಷನ್ ಎರಡನ್ನೂ ಬೆರಳಿಗೆ ಹಾಕಿದ ಮೆಷಿನ್ ತೋರಿಸುತ್ತದೆ, ಬಿಪಿಗೂ ಮೆಷಿನ್ ಇದೆ. ಉಸಿರಿಗೆ ಮಾತ್ರ ಗಡಿಯಾರ ಹಿಡಿದು ಎದೆ ನೋಡುತ್ತಾ ಒಂದು ನಿಮಿಷ ನಿಲ್ಲಬೇಕು. 32 ಜನಕ್ಕೆ 32 ನಿಮಿಷ. ಆಚೆ ರಕ್ತ ಹಾಕೋದು ಕಾಯುತ್ತಿದೆ. ಆಗ ಕೈ ತಾನಾಗೇ 18 ಬರೆಯುತ್ತದೆ, ನಾನೂ ಎಷ್ಟೋ ವರ್ಷ ಬರೆದಿದ್ದೇನೆ. (ನಾನು ಕೆಲಸ ಮಾಡಿದ ಮೈಸೂರಿನ ಒಂದು ವಾರ್ಡಿನಲ್ಲಿ ಚಾರ್ಟ್ ತೆಗೆದರೆ ಉಸಿರಿನ ಸಾಲು ಪೂರ್ತಿ 18, 20, 18, 20. ಇಡೀ ವಾರ್ಡ್ ಒಂದೇ ತಾಳಕ್ಕೆ ಉಸಿರಾಡುತ್ತಿತ್ತು!)

ಇನ್ನೊಂದು ಕಾರಣ ಆ ಸ್ಯಾಚುರೇಷನ್ 97. ಅದನ್ನು ನೋಡಿ ನಿಮಗೆ ಸಮಾಧಾನ ಆಯಿತು. ಆದರೆ ದೇಹ ಕಷ್ಟದಲ್ಲಿದ್ದಾಗ ಮೊದಲು ಉಸಿರನ್ನೇ ಜಾಸ್ತಿ ಮಾಡಿಕೊಂಡು ಸ್ಯಾಚುರೇಷನ್ ಬೀಳದ ಹಾಗೆ ಹಿಡಿದಿಡುತ್ತದೆ. ಹಾಗಾಗಿ ಎಷ್ಟೋ ಸಲ ಮೊದಲು ಬದಲಾಗೋದು ಉಸಿರಿನ ಎಣಿಕೆ, ಸ್ಯಾಚುರೇಷನ್ ಬೀಳೋದು ತಡವಾಗಿ. ದೊಡ್ಡವರಲ್ಲಿ ಸುಮ್ಮನಿದ್ದಾಗ 12ರಿಂದ 20 ಸಾಮಾನ್ಯ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಳಸುವ ನ್ಯೂಸ್-2 ಅನ್ನುವ ಎಚ್ಚರಿಕೆ ಚಾರ್ಟಿನಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ಬೇರೆಲ್ಲ ಚೆನ್ನಾಗಿದ್ದರೂ ಡಾಕ್ಟರಿಗೆ ಹೇಳಲೇಬೇಕು.

ಮೂರನೇ ಕಾರಣ ಆ ಫೋನ್. 'ಯಾಕೋ ಸರಿ ಇಲ್ಲ' ಅನ್ನೋ ಮಾತಿನಲ್ಲಿ ನಿಮ್ಮ ಕಣ್ಣಿಗೆ ಕಂಡದ್ದೆಲ್ಲ ಇತ್ತು, ಆದರೆ ಕ್ಯಾಶುವಾಲ್ಟಿಯಲ್ಲಿ ನಿಂತವರಿಗೆ ಏನೂ ಕಾಣಿಸಲಿಲ್ಲ. 30, 124, 96/60 ಮೂರೂ ನಿಮ್ಮ ಕೈಯಲ್ಲೇ ಇದ್ದವು, ಹೇಳಲಿಲ್ಲ. ಇದರ ಜೊತೆಗೆ, ಡಾಕ್ಟರ್ ಬರದೇ ಇದ್ದರೆ ಎರಡನೇ ಫೋನ್ ಯಾರಿಗೆ ಅನ್ನೋದು ನಿಮಗೂ ಗೊತ್ತಿರಲಿಲ್ಲ, ಜೊತೆಗಿದ್ದ ಸಿಸ್ಟರಿಗೂ ಗೊತ್ತಿರಲಿಲ್ಲ. ಇದು ನಿಮ್ಮ ತಪ್ಪಲ್ಲ, ವಾರ್ಡಿನದು. ಅದನ್ನೂ ಬರೆಯಿರಿ. ಎಲ್ಲ ತಪ್ಪೂ ನನ್ನದೇ ಅಂತ ಬರೆಯೋದು ಸುಲಭ, ಆದರೆ ಹಾಗೆ ಬರೆದರೆ ವಾರ್ಡಿನ ತಪ್ಪು ಅಲ್ಲೇ ಉಳಿಯುತ್ತದೆ.

ಐದನೇ ಮನೆಯಲ್ಲಿ ಒಂದು ಎಚ್ಚರಿಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಈಗ ಕೂತು ನೋಡಿದರೆ 1 ಗಂಟೆಗೇ ಎಲ್ಲ ಗೊತ್ತಾಗಬೇಕಿತ್ತು ಅನ್ನಿಸುತ್ತದೆ. ಅವರು ಐಸಿಯುಗೆ ಹೋಗುತ್ತಾರೆ ಅಂತ 1 ಗಂಟೆಗೆ ನಿಮಗೆ ಗೊತ್ತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಿ: ಆ ಹೊತ್ತಿಗೆ ನನ್ನ ಕೈಯಲ್ಲಿ ಇದ್ದಷ್ಟರಲ್ಲಿ ಏನು ಮಾಡಬಹುದಿತ್ತು? ಪಲ್ಸ್ 112 ಇತ್ತು, ಹೆಂಡತಿಯ ಮಾತು ಇತ್ತು. ರಕ್ತ ಹಾಕುವ ಕಡೆ ಹೋಗುವ ಮೊದಲು ಒಂದು ನಿಮಿಷ ಎಣಿಸಬಹುದಿತ್ತು, ಇಲ್ಲವೇ ಜೊತೆಯವರಿಗೆ 'ನೀನು ಎಣಿಸು' ಅನ್ನಬಹುದಿತ್ತು. ಅಷ್ಟೇ. ಎಣಿಸಿದ್ದರೆ ಎಷ್ಟು ಬರುತ್ತಿತ್ತು ಅನ್ನೋದು ಈಗ ಯಾರಿಗೂ ಗೊತ್ತಿಲ್ಲ, ಅದನ್ನು ಊಹಿಸಿ ಬರೆಯಬೇಡಿ.

ಈಗ ಆರನೇ ಮನೆ. 'ಜಾಗ್ರತೆಯಿಂದ ಇರುತ್ತೇನೆ' ಅಂತ ಬರೆದರೆ ಇದ್ದಿರೋ ಇಲ್ಲವೋ ಹೇಗೆ ನೋಡೋದು? ಬೇರೆಯವರು ಚಾರ್ಟ್ ನೋಡಿ 'ಹೌದು, ಮಾಡಿದ್ದಾರೆ' ಅನ್ನುವಂಥ ಕೆಲಸ ಬರೆಯಬೇಕು. ನಿಮ್ಮದನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ಆಪರೇಷನ್ ಆಗಿ ಮೂರು ದಿನದೊಳಗಿನವರಿಗೆ ಪ್ರತಿ ವೈಟಲ್ಸ್‌ನಲ್ಲೂ ಉಸಿರು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಉಳಿದವರಿಗೆ ಉಸಿರು ಒಂದೇ ಸಮ ಇದ್ದರೆ ಅರ್ಧ ನಿಮಿಷ ಎಣಿಸಿ ಎರಡರಷ್ಟು ಮಾಡುತ್ತೇನೆ. ಡಾಕ್ಟರಿಗೆ ಫೋನ್ ಮಾಡುವ ಮೊದಲು ಅಂಕಿಗಳನ್ನು ಕೈ ಮೇಲಾದರೂ ಬರೆದುಕೊಂಡು ಹೇಳುತ್ತೇನೆ, 'ಎರಡನೇ ದಿನದ ಪೇಶೆಂಟ್ ಸರ್, ಉಸಿರು 18 ಇದ್ದದ್ದು 30 ಆಗಿದೆ, ಬಿಪಿ 96, ಈಗಲೇ ಬಂದು ನೋಡಬೇಕು' ಅಂತ. ಎರಡನೇ ಫೋನ್ ಯಾರಿಗೆ ಅಂತ ಇನ್‌ಚಾರ್ಜ್ ಸಿಸ್ಟರನ್ನು ಈ ವಾರ ಕೇಳುತ್ತೇನೆ. ಮೂರಕ್ಕಿಂತ ಜಾಸ್ತಿ ಬೇಡ. ಎರಡು ವಾರ ಬಿಟ್ಟು ನಿಮ್ಮ ಚಾರ್ಟನ್ನೇ ನೋಡಿ. ಉಸಿರಿನ ಸಾಲಿನಲ್ಲಿ 14, 17, 22, 19 ಅಂತ ಹೆಚ್ಚುಕಮ್ಮಿ ಕಂಡರೆ ಎಣಿಸುತ್ತಿದ್ದೀರಿ. ಮತ್ತೆ 18, 18, 18 ಕಂಡರೆ ಹಾಳೆ ತೆಗೆದು ನಾಲ್ಕನೇ ಮನೆಯಿಂದ ಮತ್ತೆ ಬರೆಯಿರಿ, ಏನೋ ಒಂದು ಕಾರಣ ಬಿಟ್ಟುಹೋಗಿದೆ. ಸೈಕಲ್ ಅಂತ ಹೆಸರಿಟ್ಟಿರೋದು ಅದಕ್ಕೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಸ್ಪತ್ರೆಯ ಚಾರ್ಟಿನಲ್ಲಿರುವ ಆ 1 ಗಂಟೆಯ 18ನ್ನು ಈಗ ಹೋಗಿ ತಿದ್ದಬೇಡಿ. ಅದು ದಾಖಲೆ. ನಡೆದದ್ದನ್ನು ಇನ್‌ಚಾರ್ಜ್ ಹತ್ತಿರ ಬಾಯಿಬಿಟ್ಟು ಹೇಳಿ, ಇನ್ಸಿಡೆಂಟ್ ರಿಪೋರ್ಟ್ ಕೊಡಬೇಕು ಅಂದರೆ ಅದಕ್ಕೆ ಬೇರೆ ಫಾರಂ ಇರುತ್ತದೆ. ಈ ಆರು ಮನೆಯ ಹಾಳೆ ಅದರ ಬದಲಿಗೆ ಅಲ್ಲ.

ಯಾವಾಗ ಬರೆಯೋದು ಅಂತ ಫೋನಿನಲ್ಲಿ ಕೇಳಿದ್ದಿರಿ. ಬೆಳಿಗ್ಗೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯಬೇಡಿ, ಆ ನಿದ್ದೆಗಣ್ಣಿನಲ್ಲಿ ಬರೋದು ಬರೀ ತೀರ್ಪು. ಆಗ ಮರೆತುಹೋಗುವಂಥ ಗಂಟೆ, ಮಾತು ಇಷ್ಟನ್ನು ಮಾತ್ರ ಒಂದು ಚೀಟಿಯಲ್ಲಿ ಗೀಚಿಕೊಳ್ಳಿ. ಮಲಗಿ ಎದ್ದು, ಊಟ ಆದಮೇಲೆ ಇಪ್ಪತ್ತು ನಿಮಿಷ ಕೂತರೆ ಸಾಕು.

ಬರೆಯೋದು ಕೆಲಸಕ್ಕೆ ಬರದ ಸಂದರ್ಭವೂ ಇದೆ. ಅದೇ ರಾತ್ರಿಯನ್ನು ಮೂರು ಸಲ ಬರೆದರೂ ನಾಲ್ಕನೇ ಮನೆಯಲ್ಲಿ ಹೊಸದೊಂದು ಸಾಲೂ ಬರದೇ ಎರಡನೇ ಮನೆ ಮಾತ್ರ ಉದ್ದ ಆಗುತ್ತಿದ್ದರೆ, ಅದು ಯೋಚನೆಯಲ್ಲ, ಕೊರಗು. ಅಲ್ಲಿಗೆ ಪೆನ್ನು ಇಡಿ. ನಿದ್ದೆ ಬರದೇ ಇದ್ದರೆ, ಆ ಬೆಡ್ ಹತ್ತಿರ ಹೋಗೋಕೇ ಕೈ ನಡುಗಿದರೆ, ವಾರಗಟ್ಟಲೆ ಹಾಗೇ ಇದ್ದರೆ, ಹಾಳೆ ಬಿಟ್ಟು ಮನುಷ್ಯರ ಹತ್ತಿರ ಮಾತಾಡಬೇಕು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಿಮ್ಮ ಹಾಳೆಯನ್ನು ವಾಪಸ್ ಪೋಸ್ಟ್ ಮಾಡಿದ್ದೇನೆ. ಮೊದಲನೇ ಮನೆಯಲ್ಲಿ ನೀವು ಬರೆದಿದ್ದ ಆ ಒಂದು ಸಾಲನ್ನು ಪೆನ್ಸಿಲ್ಲಿನಲ್ಲಿ ಹೊಡೆದಿದ್ದೇನೆ, ಅದೂ ಆ ಹೆಸರು, ನಂಬರುಗಳೂ ಬಿಟ್ಟರೆ ಉಳಿದದ್ದನ್ನು ಮುಟ್ಟಿಲ್ಲ. ಎರಡನೇ ಫೋನ್ ಯಾರಿಗೆ ಅಂತ ಇನ್‌ಚಾರ್ಜ್ ಏನು ಹೇಳಿದರು, ಅದನ್ನು ಮಾತ್ರ ನನಗೆ ಬರೆಯಿರಿ.