ಹೋಂಸ್ಟೇಗೆ ಒಂದು ಸ್ಟಾರ್ ಬಂದಿದೆ, ಏನಂತ ಉತ್ತರ ಬರೆಯಲಿ?

"ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಹೋಂಸ್ಟೇ. ಮಳೆಗಾಲದಲ್ಲಿ ಬಂದಿದ್ದ ಒಬ್ಬರು ಗೂಗಲ್‌ನಲ್ಲಿ 'ಬಿಸಿ ನೀರಿಲ್ಲ, ಜಿಗಣೆ ಕಾಟ, ಓನರ್‌ಗೆ ದರ್ಪ, ಶುದ್ಧ ಮೋಸ' ಅಂತ ಬರೆದಿದ್ದಾರೆ. ಸೋಲಾರ್ ನೀರು ಕಾದಿರಲಿಲ್ಲ, ನಿಜ. ಆದ್ರೆ ಕೇಳಿದ್ರೆ ಹಂಡೆ ನೀರು ಕೊಡ್ತಿದ್ವಿ. ಏನಂತ ಉತ್ತರ ಕೊಡಲಿ?"

ನಾನೂ ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವನು. ನಿಮ್ಮ ಉತ್ತರ ಓದುವವರಲ್ಲಿ ಜಾಸ್ತಿ ಜನ ಮುಂದಿನ ವಾರ ಬರೋಣ್ವಾ ಅಂತ ಯೋಚಿಸುತ್ತಿರುವವರು. ನಾವು ಹೋದಾಗ ಬಿಸಿ ನೀರು ಸಿಗುತ್ತಾ ಅನ್ನೋದು ಅವರ ಪ್ರಶ್ನೆ. ಹಾಗಾಗಿ ಮೋಸ, ದರ್ಪ ಅನ್ನೋ ಮಾತಿಗೆ ಎದುರು ಮಾತು ಬೇಡ. ನೀರಿನ ವಿಷಯ ಹಿಡಿದುಕೊಳ್ಳಿ.

"ಕೇಳಿದ್ರೆ ಕೊಡ್ತಿದ್ವಿ" ಅಂತ ಮಾತ್ರ ಬರೆಯಬೇಡಿ. ಹಂಡೆ ಇದೆ ಅಂತ ಗೊತ್ತಿಲ್ಲದವರು ಹೇಗೆ ಕೇಳುತ್ತಾರೆ? ತಪ್ಪು ಅತಿಥಿಯದ್ದೇ ಅಂದ ಹಾಗಾಗುತ್ತದೆ. ಮೊದಲು ಬೆಳಿಗ್ಗೆ ನೀರು ಕೊಡುವ ವ್ಯವಸ್ಥೆ ಮಾಡಿ, ಆಮೇಲೆ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ. ಅಂಥ ಮಳೆಯಲ್ಲಿ ತಣ್ಣೀರು ಸ್ನಾನ ಮಾಡಬೇಕಾಯಿತು, ಕ್ಷಮಿಸಿ. ಬಿಸಿಲಿಲ್ಲದೆ ಸೋಲಾರ್ ನೀರು ಕಾದಿರಲಿಲ್ಲ. ಹಂಡೆ ಒಲೆ ಇದೆ ಅಂತ ನಾವೇ ಮೊದಲು ಹೇಳಬೇಕಿತ್ತು. ಈಗ ಮಳೆಗಾಲದಲ್ಲಿ ಬೆಳಿಗ್ಗೆ 6ರಿಂದ 9ರವರೆಗೆ ಹಂಡೆ ನೀರನ್ನು ನಾವೇ ರೂಮಿಗೆ ತಂದುಕೊಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಜಿಗಣೆ ಇದ್ದೇ ಇರುತ್ತದೆ. ಸುತ್ತಾಡಲು ಹೋಗುವವರಿಗೆ ಉದ್ದ ಸಾಕ್ಸ್, ಉಪ್ಪು ಕೊಡುತ್ತೇವೆ. ನಮ್ಮ ಮಾತಿನಿಂದ ಬೇಸರವಾಗಿದ್ದರೆ ಬುಕಿಂಗ್ ನಂಬರಿಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ."

ಇಲ್ಲಿ ಜಿಗಣೆಗೆ ಕ್ಷಮೆ ಕೇಳಿಲ್ಲ, ಗಮನಿಸಿ. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಇಲ್ಲದ ತೋಟ ಎಲ್ಲಿದೆ? ಇರೋದನ್ನು ಇದ್ದ ಹಾಗೆ ಹೇಳಿದರೆ ಹೆದರುವವರು ಡಿಸೆಂಬರಿಗೆ ಬರುತ್ತಾರೆ. ಮಳೆಯೇ ಬೇಕು ಅನ್ನುವವರು ತಯಾರಾಗಿ ಬರುತ್ತಾರೆ. ಇಬ್ಬರೂ ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ.

ಅವರು ಎಷ್ಟು ಜನ ಬಂದಿದ್ದರು, ರಾತ್ರಿ ಎಷ್ಟು ಗಲಾಟೆ ಮಾಡಿದರು ಅನ್ನೋದೆಲ್ಲ ಬೇಡ. ಅದು ನಿಜವೇ ಆಗಿದ್ದರೂ, ನಾಳೆ ನಮ್ಮ ಬಗ್ಗೆಯೂ ಹೀಗೇ ಬರೆಯುತ್ತಾರೆ ಅಂತ ಓದುವವರಿಗೆ ಅನ್ನಿಸಿಬಿಡುತ್ತದೆ.

ರಿವ್ಯೂ ತೆಗೆದರೆ ದುಡ್ಡು ವಾಪಸ್ ಕೊಡ್ತೀವಿ ಅನ್ನಲೂಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ನೆಂಟರಿಂದ ಐದು ಸ್ಟಾರ್ ಹಾಕಿಸುವುದೂ ಅಷ್ಟೇ. ಮಾತು ಖಾರವಾಗಿದೆ ಅಂತ ರಿಪೋರ್ಟ್ ಮಾಡಿದರೆ ಗೂಗಲ್ ತೆಗೆಯುವುದಿಲ್ಲ. ಬಂದೇ ಇಲ್ಲದವರು ಬರೆದಿದ್ದರೆ, ಕೆಟ್ಟ ಬೈಗುಳ ಇದ್ದರೆ ಮಾತ್ರ ರಿಪೋರ್ಟ್ ಮಾಡಿ ನೋಡಿ. ನಿಮ್ಮದು ಆ ಥರ ಅಲ್ಲ.

ಇವತ್ತೇ ಹಾಕಬೇಕೆಂದೇನಿಲ್ಲ. ಬರೆದಿಟ್ಟು, ನಾಳೆ ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ಸಿಟ್ಟು ಎಲ್ಲಿ ಉಳಿದಿದೆ ಅಂತ ಅವರಿಗೆ ಬೇಗ ಗೊತ್ತಾಗುತ್ತದೆ. ಉತ್ತರವನ್ನು ಆಮೇಲೂ ತಿದ್ದಬಹುದು. ಮುಂದೆ ಗೀಸರ್ ಹಾಕಿಸಿದರೆ ಹಂಡೆಯ ಆ ಸಾಲನ್ನು ಬದಲಾಯಿಸಲು ಮರೆಯಬೇಡಿ.